ಮುಳುಗಿದ ಬಿದಿರು

ಕಳೆದ ನವೆಂಬರ್‌ನಲ್ಲಿ ನಮ್ಮ ಸಂಘದ ಕಷಾಯದ ಸ್ಟಾಲಿಗೆ ಬಂದವರು ಇದನ್ನು ಪೂರ್ತಿ ಓದಿ ಅಂತ ಕೇಳ್ಕೋತೀವಿ. ನಿಮಗೆ ನಾವೊಂದು ಸುಳ್ಳು ಹೇಳಿದ್ವಿ. ಗೊತ್ತಿದ್ದು ಹೇಳಿದ್ದಲ್ಲ. ಆದ್ರೆ ಗೊತ್ತಾದ ಮೇಲೂ ಸುಮ್ಮನಿದ್ರೆ ಅದು ಗೊತ್ತಿದ್ದು ಹೇಳಿದ ಸುಳ್ಳೇ ಆಗತ್ತೆ.

ನಾವು ಅಂದ್ರೆ ಹಾಸ್ಟೆಲಿನ ಒಂದೇ ರೂಮಿನ ಮೂವರು. ಒಬ್ಬ ಹಾಸನದವನು, ಒಬ್ಬ ಬಳ್ಳಾರಿಯವನು, ಒಬ್ಬ ಮೈಸೂರಿನವನು. ಮೂವರೂ ಇಂಗ್ಲಿಷ್ ಮೀಡಿಯಂ. ರಾಜ್ಯೋತ್ಸವ ತಿಂಗಳು ಪೂರ್ತಿ ನಡೆಯೋ ನಾಟಕದ ರಿಹರ್ಸಲ್ ಹೊತ್ತಿಗೆ ದಿನಾ ಸಂಜೆ ಶುಂಠಿ-ನಿಂಬೆ ಕಷಾಯ ಮಾಡಿ ಕೊಡೋ ಕೆಲಸ ನಮ್ಮ ಪಾಲಿಗೆ ಬಂದಿತ್ತು. ಹಿಂದಿನ ವರ್ಷ ಪೇಪರ್ ಕಪ್ಪಿನ ರಾಶಿ ಬಿದ್ದು ಬೈಸ್ಕೊಂಡಿದ್ದ ಕಾರಣ ಈ ಸಲ ತೊಳೆದು ಬಳಸೋ ಕಪ್ಪೇ ಬೇಕು ಅಂತ ಮೀಟಿಂಗಲ್ಲಿ ತೀರ್ಮಾನ ಆಯ್ತು. ನಾವು ಹುಡುಕಿ ಹುಡುಕಿ ಮೂವತ್ತು ಬಿದಿರಿನ ಕಪ್ ಆರ್ಡರ್ ಮಾಡಿದ್ವಿ. ತಿಳಿ ಹಸಿರು ಬಣ್ಣ, ಮೇಲೆ ಸಣ್ಣ ಸಣ್ಣ ಕಂದು ಚುಕ್ಕಿ, ಮುಟ್ಟಿದ್ರೆ ಮರದ ಹಾಗೆ ಬೆಚ್ಚಗೆ. ತಳದಲ್ಲಿ ಎರಡು ತಟ್ಟೆ ಮೇಲೆ ನೀರು ಬೀಳ್ತಿರೋ ಚಿತ್ರ, ಅದರ ಕೆಳಗೆ ‘ಡಿಶ್‌ವಾಷರ್ ಸೇಫ್’ ಅಂತ ಅಕ್ಷರ. ನಮ್ಮ ಪೋಸ್ಟರಿನಲ್ಲಿ ದೊಡ್ಡದಾಗಿ ಬರೆದಿದ್ವಿ: ‘ಇಲ್ಲಿ ಪ್ಲಾಸ್ಟಿಕ್ ಇಲ್ಲ, ಬರೀ ಬಿದಿರು.’

ತೊಳೆಯೋ ಚಿಂತೆಯೂ ಇರ್ಲಿಲ್ಲ. ನಮ್ಮ ಮೆಸ್ಸಲ್ಲಿ ದೊಡ್ಡ ಡಿಶ್‌ವಾಷರ್ ಇದೆ. ಪೆಟ್ಟಿಗೆ ಥರದ ಮುಚ್ಚಳ ಮೇಲಕ್ಕೆತ್ತಿ, ಟ್ರೇ ತಳ್ಳಿ, ಮುಚ್ಚಳ ಕೆಳಗಿಳಿಸಿದ್ರೆ ಎರಡು ನಿಮಿಷದೊಳಗೆ ಕೆಲಸ ಮುಗೀತು. ಅದನ್ನು ನೋಡ್ಕೊಳ್ಳೋ ಅಣ್ಣ ‘ರಾತ್ರಿ ಊಟದ ಲೋಡ್ ಮುಗಿದ ಮೇಲೆ ಹಾಕ್ಕೊಡ್ತೀನಿ, ತಂದಿಡಿ’ ಅಂದ್ರು. ಕಪ್ಪಿನ ಜೊತೆ ನಮ್ಮ ರೂಮಿನ ಸಾಮಾನೂ ಮೆಲ್ಲಗೆ ಟ್ರೇ ಸೇರ್ತು: ಹಾಸನದವನ ಊಟದ ಡಬ್ಬಿ, ಬಳ್ಳಾರಿಯವನ ಅಮ್ಮ ಶೇಂಗಾ ಚಟ್ನಿಪುಡಿ ತುಂಬಿ ಕಳಿಸಿದ್ದ ಪಾರದರ್ಶಕ ಡಬ್ಬಿ, ಮೈಸೂರಿನವನು ಮಾವಿನ ಮಿಡಿ ಉಪ್ಪಿನಕಾಯಿಗೆ ಇಟ್ಕೊಂಡಿದ್ದ ಬಿದಿರಿನ ಚಮಚ.

ಮೊದಲ ದಿನವೇ ಒಂದು ಸಾವು. ಚಟ್ನಿಪುಡಿ ಡಬ್ಬಿ ಟ್ರೇಯಿಂದ ಹೊರಗೆ ಬಂದಾಗ ಅರ್ಧ ಎತ್ತರಕ್ಕೆ ಮುದುಡಿ, ಸೊಂಟ ತಿರುಗಿಸ್ಕೊಂಡು ನಿಂತಿತ್ತು. ಮುಚ್ಚಳ ಇನ್ನು ಯಾವತ್ತೂ ಕೂರೋ ಹಾಗಿರ್ಲಿಲ್ಲ. ಊಟದ ಡಬ್ಬಿಗೆ ಏನೂ ಆಗಿರ್ಲಿಲ್ಲ, ಅದರ ಮುಚ್ಚಳ ಮಾತ್ರ ಒಂದು ಮೂಲೆಯಲ್ಲಿ ಸ್ವಲ್ಪ ಎದ್ದಿತ್ತು. ಕಪ್‌ಗಳು ಹೊಸದರ ಹಾಗೇ ಇದ್ವು. ‘ನೋಡು, ಸೇಫ್ ಅಂತ ಬರೆದಿದ್ರೆ ಹೀಗಿರತ್ತೆ’ ಅಂತ ನಾವು ಬಳ್ಳಾರಿಯವನಿಗೆ ಬುದ್ಧಿ ಹೇಳಿದ್ವಿ.

ಮೂರನೇ ವಾರದ ಹೊತ್ತಿಗೆ ಬುದ್ಧಿ ಹೇಳಿದವರ ಮುಖ ಸಣ್ಣದಾಯ್ತು. ಕಪ್ಪಿನ ಒಳಗಿನ ಹೊಳಪು ಹೋಗಿತ್ತು. ಬೆರಳಾಡಿಸಿದ್ರೆ ಸಣ್ಣ ಸ್ಯಾಂಡ್‌ಪೇಪರ್ ಥರ ತಟ್ಟೋದು. ತಳದಲ್ಲಿ ಕಂದು ಕಲೆ, ಎಷ್ಟು ತಿಕ್ಕಿದ್ರೂ ಹೋಗದ್ದು. ಬಿಸಿ ಕಷಾಯ ಸುರಿದ ತಕ್ಷಣ ಮೂಗು ಹತ್ತಿರ ತಂದ್ರೆ ಶುಂಠಿ ವಾಸನೆ ಜೊತೆ ಇನ್ನೊಂದು ಏನೋ, ಹೊಸ ಪ್ಲೈವುಡ್ ಕಪಾಟು ತೆಗೆದಾಗ ಬರೋ ಥರದ್ದು. ಒಬ್ಬ ಜೂನಿಯರ್ ಹುಡುಗಿ ಕೇಳಿದ್ಲು, ‘ಅಣ್ಣಾ, ಇದು ನಿಜವಾಗ್ಲೂ ಬಿದಿರಾ?’ ನಾವು ಪೋಸ್ಟರ್ ತೋರಿಸಿದ್ವಿ.

ಅವತ್ತು ರಾತ್ರಿ ಮೆಸ್ ಅಣ್ಣನ ಹತ್ತಿರ ಹೋಗಿ ಮಿಷಿನ್ ಸರಿ ಇಲ್ವಾ ಅಂತ ಕೇಳಿದ್ವಿ. ಅವರು ನಕ್ಕು ಮುಂದಿನ ಎರಡು ಡಯಲ್ ತೋರಿಸಿದ್ರು. ಒಂದರಲ್ಲಿ 60 ಡಿಗ್ರಿ, ಇನ್ನೊಂದರಲ್ಲಿ 85. ಮೊದಲನೆಯದು ಸೋಪಿನ ನೀರು, ಮತ್ತೆ ಮತ್ತೆ ಪಂಪ್ ಆಗಿ ಸುತ್ತೋದು. ಎರಡನೆಯದು ಕೊನೆಗೆ ಹತ್ತು ಹದಿನೈದು ಸೆಕೆಂಡ್ ಬೀಳೋ ಶುದ್ಧ ನೀರು. ಹೋಟೆಲು, ಆಸ್ಪತ್ರೆಗಳ ಬಿಸಿನೀರಿನ ಮಿಷಿನ್‌ಗಳಲ್ಲಿ ಈ ಕೊನೆಯ ನೀರು 82 ಡಿಗ್ರಿ ಮೇಲಿರಬೇಕು, ಕ್ರಿಮಿ ಸಾಯೋದು ಅದರಿಂದಲೇ. ‘ನಿಮ್ಮ ಕಪ್ಪಿನ ಮೇಲೆ ಬರೆದಿರೋದು ಮನೆ ಮಿಷಿನ್ ಲೆಕ್ಕ ಕಣ್ರಪ್ಪಾ’ ಅಂದ್ರು ಅಣ್ಣ. ‘ಇಲ್ಲಿ ಸೋಪೂ ಬೇರೆ, ಕೈ ಹಾಕಿದ್ರೆ ಚರ್ಮ ಜಾರುತ್ತೆ.’

ಆ ಮಾತೇ ನಮಗೆ ಮೊದಲ ಪಾಠ. ಮನೆಯ ಡಿಶ್‌ವಾಷರ್ ನಿಧಾನದ್ದು. ಒಂದರಿಂದ ಮೂರು ಗಂಟೆ ತಗೊಂಡು ಸುಮಾರು 50 ಡಿಗ್ರಿಯಲ್ಲಿ, ತುಂಬಾ ಜಿಡ್ಡಿದ್ರೆ 70ರಲ್ಲಿ ತೊಳೆಯತ್ತೆ. ಮೆಸ್ಸಿನದ್ದು ಕಡಿಮೆ ಹೊತ್ತು, ಆದ್ರೆ ಹೆಚ್ಚು ಬಿಸಿ, ಹೆಚ್ಚು ಕ್ಷಾರ. ಕಪ್ಪಿನ ತಳದ ಚಿತ್ರ ಇದರಲ್ಲಿ ಯಾವ ಮಿಷಿನ್ ಅಂತ ಹೇಳಲ್ಲ. ಎಷ್ಟು ಸಲ ಅಂತಲೂ ಹೇಳಲ್ಲ. ಹುಡುಕಿದಾಗ ಗೊತ್ತಾಯ್ತು, ಯುರೋಪಿನಲ್ಲಿ ಇದಕ್ಕೆ ಇಎನ್ 12875 ಅನ್ನೋ ಪರೀಕ್ಷಾ ವಿಧಾನ ಇದೆ. ಪಾತ್ರೆಯನ್ನು ಮನೆ ಮಿಷಿನ್‌ನಲ್ಲಿ ನೂರಾರು ಸಲ ತೊಳೆದು ಬಣ್ಣ ಹೋಯ್ತಾ, ಹೊಳಪು ಹೋಯ್ತಾ, ಬಿರುಕು ಬಂತಾ ಅಂತ ನೋಡ್ತಾರೆ. ಹಾಗೆ ಪರೀಕ್ಷೆ ಮಾಡಿಸಿದವರು ಚಿತ್ರದ ಜೊತೆ ಎಷ್ಟು ಸಲ ತಡೆದುಕೊಂಡಿತು ಅನ್ನೋ ಸಂಖ್ಯೆಯನ್ನೂ ಹಾಕೋದುಂಟು, 125 ಅಂತಲೋ ಏನೋ. ನಮ್ಮ ಕಪ್ಪಿನ ಮೇಲೆ ಸಂಖ್ಯೆ ಇರ್ಲಿಲ್ಲ. ಬರೀ ಚಿತ್ರ ಅಂದ್ರೆ ಅದು ಮಾರೋರ ಮಾತು ಅಷ್ಟೇ.

ತಳದಲ್ಲಿ ಇನ್ನೂ ಎರಡು ಗುರುತು ಇರತ್ತೆ, ನಾವು ಮೂವರೂ ಅವನ್ನು ತಪ್ಪಾಗಿ ಓದ್ತಿದ್ವಿ. ಒಂದು ಲೋಟ ಮತ್ತು ಫೋರ್ಕ್ ಚಿತ್ರ. ಅದರರ್ಥ ಆಹಾರ ಇಡೋದಕ್ಕೆ ಮಾಡಿದ ವಸ್ತು ಅಂತ, ತೊಳೆಯೋ ಮಿಷಿನ್‌ಗೂ ಅದಕ್ಕೂ ಸಂಬಂಧ ಇಲ್ಲ. ಇನ್ನೊಂದು ತ್ರಿಕೋನದೊಳಗಿನ ಅಂಕಿ. ಅದು ಯಾವ ಜಾತಿಯ ಪ್ಲಾಸ್ಟಿಕ್ ಅಂತ ಹೇಳತ್ತೆ, ಎಷ್ಟು ಬಿಸಿ ತಡೆಯತ್ತೆ ಅಂತ ನೇರವಾಗಿ ಹೇಳಲ್ಲ. ಆದ್ರೆ ಜಾತಿ ಗೊತ್ತಾದ್ರೆ ಉಳಿದದ್ದನ್ನು ನಾವೇ ಲೆಕ್ಕ ಹಾಕ್ಬಹುದು. ಮುದುಡಿದ ಡಬ್ಬಿಯ ತಳದಲ್ಲಿ 1 ಇತ್ತು, ಅಂದ್ರೆ ಪೆಟ್. ಊಟದ ಡಬ್ಬಿಯಲ್ಲಿ 5, ಪಾಲಿಪ್ರೊಪಿಲೀನ್.

ಫಸ್ಟ್ ಇಯರ್ ಕೆಮಿಸ್ಟ್ರಿಯಲ್ಲಿ ಗ್ಲಾಸ್ ಟ್ರಾನ್ಸಿಷನ್ ಅಂತ ಎರಡು ಮಾರ್ಕ್ಸಿಗೆ ಬರೆದಿದ್ವಿ. ಆ ಎರಡು ಮಾರ್ಕ್ಸ್ ಈ ಡಬ್ಬಿಯಲ್ಲಿತ್ತು. ಪ್ಲಾಸ್ಟಿಕ್ ಅಂದ್ರೆ ಉದ್ದುದ್ದ ಅಣುಗಳ ಸರಪಳಿ. ಒಂದು ಉಷ್ಣಾಂಶದ ಕೆಳಗೆ ಆ ಸರಪಳಿಗಳು ಅಲುಗಾಡದೆ ಗಾಜಿನ ಥರ ಬಿಗಿಯಾಗಿರ್ತವೆ. ಅದನ್ನು ದಾಟಿದ್ರೆ ಕರಗದೇ ಇದ್ರೂ ಸಡಿಲ ಆಗ್ತವೆ. ಪೆಟ್‌ಗೆ ಆ ಗಡಿ ಸುಮಾರು 75 ಡಿಗ್ರಿ. ಇಂಥ ಡಬ್ಬಿ ಮಾಡುವಾಗ ಸಣ್ಣ ಕೊಳವೆಯಂಥ ತುಂಡನ್ನು ಬಿಸಿ ಮಾಡಿ, ಎಳೆದು, ಒಳಗೆ ಗಾಳಿ ಊದಿ ಅಚ್ಚಿಗೆ ಅಂಟಿಸಿ ತಣ್ಣಗೆ ಮಾಡ್ತಾರೆ. ಎಳೆದ ರಬ್ಬರ್ ಬ್ಯಾಂಡನ್ನು ಹಾಗೇ ಫ್ರೀಜ್ ಮಾಡಿಟ್ಟ ಹಾಗೆ. 85 ಡಿಗ್ರಿ ನೀರು ಬಿದ್ದ ತಕ್ಷಣ ಸರಪಳಿಗಳಿಗೆ ಬಿಡುಗಡೆ ಸಿಕ್ಕಿ ತಮ್ಮ ಹಳೇ ಆಕಾರದ ಕಡೆ ಓಡ್ತವೆ. ಡಬ್ಬಿ ಕರಗಿದ್ದಲ್ಲ, ಹಿಂದಕ್ಕೆ ಎಳೆದುಕೊಂಡಿದ್ದು. ಅದಕ್ಕೇ ಅದು ಕೆಳಗೆ ಹರಿಯೋ ಬದಲು ಕುಳ್ಳಗಾಗಿ ನಿಂತಿತ್ತು.

ಪಾಲಿಪ್ರೊಪಿಲೀನ್ ಕಥೆ ಬೇರೆ. ಅದರ ಗಾಜಿನ ಗಡಿ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ದಾಟಿಹೋಗಿರತ್ತೆ, ಹಾಗಾಗಿ ನಮ್ಮೂರಿನ ಹವೆಯಲ್ಲಿ ಅದು ಯಾವಾಗ್ಲೂ ಸ್ವಲ್ಪ ಬಾಗೋ ಥರವೇ ಇರೋದು. ಗಟ್ಟಿಯಾಗಿ ಹಿಡಿದಿಟ್ಟಿರೋದು ಅದರೊಳಗಿನ ಹರಳುಗಳು. ಅವು ಕರಗೋಕೆ ಸುಮಾರು 160 ಡಿಗ್ರಿ ಬೇಕು, ಡಿಶ್‌ವಾಷರ್ ಅಲ್ಲಿಗೆ ಹೋಗೋದೇ ಇಲ್ಲ. ಆದ್ರೆ 85ರಲ್ಲಿ ಭಾರ ಬಿದ್ರೆ ಬಾಗತ್ತೆ. ನಮ್ಮ ಡಬ್ಬಿಯ ತೆಳು ಮುಚ್ಚಳ ಟ್ರೇಯಲ್ಲಿ ಎರಡು ಪ್ಲೇಟಿನ ನಡುವೆ ಸಿಕ್ಕಿಕೊಂಡಿತ್ತು, ಆ ಆಕಾರದಲ್ಲೇ ತಣ್ಣಗಾಯ್ತು. ಕೆಲವು ಡಬ್ಬಿಗಳ ಮೇಲೆ ‘ಮೇಲಿನ ರ‍್ಯಾಕ್ ಮಾತ್ರ’ ಅಂತ ಬರೆದಿರೋದಕ್ಕೂ ಇಂಥದ್ದೇ ಕಾರಣ. ಮನೆಯ ಹಲವು ಮಿಷಿನ್‌ಗಳಲ್ಲಿ ಹೀಟರ್ ತಳದಲ್ಲಿರತ್ತೆ, ಒಣಗಿಸೋ ಹೊತ್ತಿಗೆ ಕೆಳಗಿನ ರ‍್ಯಾಕಿನ ಪ್ಲಾಸ್ಟಿಕ್ ಅದರ ನೇರಕ್ಕೆ ಸಿಕ್ಕಿಬೀಳತ್ತೆ. ನಮ್ಮ ಮೆಸ್ ಮಿಷಿನ್‌ನಲ್ಲಿ ಮೇಲಿನ ರ‍್ಯಾಕೇ ಇಲ್ಲ, ಒಂದೇ ಟ್ರೇ. ಅಂದ್ರೆ ಆ ಸೂಚನೆ ಪಾಲಿಸೋಕೆ ಇಲ್ಲಿ ಸಾಧ್ಯವೇ ಇಲ್ಲ.

ಇದೆಲ್ಲ ತಿಳಿದ ಮೇಲೆ ಕಪ್‌ಗಳ ಬಗ್ಗೆ ಅನುಮಾನ ಜಾಸ್ತಿಯಾಯ್ತು. ಅವು ಮುದುಡಲಿಲ್ಲ, ಬಾಗಲಿಲ್ಲ. ಹಾಗಾದ್ರೆ ಒರಟಾಗಿದ್ದು ಯಾಕೆ? ಮೈಸೂರಿನವನ ಚಮಚ ಕೂಡ ಬಿದಿರೇ. ಅದು ಮೂರನೇ ವಾರಕ್ಕೆ ಉದ್ದಕ್ಕೆ ಸೀಳಿತ್ತು, ಮೇಲೆ ನಾರು ಎದ್ದಿತ್ತು, ಬಣ್ಣ ಬಿಳಚಿಕೊಂಡಿತ್ತು. ನಿಜವಾದ ಬಿದಿರಿನ ನಾರುಗಳು ಉದ್ದಕ್ಕೆ ಜೋಡಿಸಿಕೊಂಡಿರ್ತವೆ. ನೀರು ಕುಡಿದ್ರೆ ಅಡ್ಡಕ್ಕೆ ಹಿಗ್ಗತ್ತೆ, ಒಣಗಿದ್ರೆ ಕುಗ್ಗತ್ತೆ. ದಿನಾ ಹಿಗ್ಗಿ ಕುಗ್ಗಿದ್ರೆ ನಾರಿನ ಸಾಲು ಬಿಟ್ಟುಕೊಂಡು ಸೀಳತ್ತೆ. ಜೊತೆಗೆ ನಾರುಗಳನ್ನು ಅಂಟಿಸಿರೋ ಲಿಗ್ನಿನ್ ಬಿಸಿ ಕ್ಷಾರಕ್ಕೆ ನಿಧಾನವಾಗಿ ಬಿಟ್ಟುಕೊಡತ್ತೆ. ಕಾಗದದ ಕಾರ್ಖಾನೆಯಲ್ಲಿ ಬಿದಿರನ್ನು ತಿರುಳು ಮಾಡೋದೂ ಬಿಸಿ ಕ್ಷಾರದಲ್ಲಿ ಬೇಯಿಸಿಯೇ. ನಾವು ಚಮಚವನ್ನು ಸ್ವಲ್ಪ ಸ್ವಲ್ಪವಾಗಿ ಕಾಗದ ಮಾಡ್ತಿದ್ವಿ. ಆದ್ರೆ ಕಪ್ ಒಂದೂ ಸೀಳಿರ್ಲಿಲ್ಲ. ಒಂದೇ ಬಿದಿರು, ಒಂದೇ ಮಿಷಿನ್, ಎರಡು ಥರದ ಕಾಯಿಲೆ ಹೇಗೆ?

ಬಕೆಟ್ ತಂದು ನೀರು ತುಂಬಿಸಿದ್ವಿ. ಸೀಳಿದ ಚಮಚವನ್ನು ಪೂರ್ತಿ ಒಣಗಿಸಿ ಹಾಕಿದ್ವಿ, ತೇಲಿತು. ಊಟದ ಡಬ್ಬಿಯನ್ನು ಒಳಗೆ ಗಾಳಿ ಉಳಿಯದ ಹಾಗೆ ಓರೆ ಮಾಡಿ ಮುಳುಗಿಸಿ ಬಿಟ್ವಿ, ಮೇಲೆ ಬಂತು. ಪಾಲಿಪ್ರೊಪಿಲೀನ್ ನೀರಿಗಿಂತ ಹಗುರ, ಸಾಂದ್ರತೆ 0.9. ಕಪ್ಪನ್ನು ಹಾಗೇ ಓರೆ ಮಾಡಿ ಬಿಟ್ವಿ. ಟಣ್ ಅಂತ ತಳಕ್ಕೆ ಹೋಗಿ ಕೂತಿತು.

ಮೂವರೂ ಬಕೆಟ್ ಸುತ್ತ ಕುಕ್ಕರುಗಾಲಲ್ಲಿ ಕೂತು ಅದನ್ನೇ ನೋಡಿದ್ವಿ. ಬಿದಿರು ತೇಲತ್ತೆ ಅಂತ ಯಾರಿಗೆ ಗೊತ್ತಿಲ್ಲ? ಬಿದಿರಿನ ತೆಪ್ಪ ಕಟ್ಟಿ ಹೊಳೆ ದಾಟ್ತಾರೆ. ನಮ್ಮ ಬಿದಿರು ಮುಳುಗಿತು.

ಮರುದಿನ ಒಡೆದ ಕಪ್ಪಿನ ತುಂಡೊಂದನ್ನು ಕೆಮಿಸ್ಟ್ರಿ ಲ್ಯಾಬಿಗೆ ತಗೊಂಡು ಹೋದ್ವಿ. ತೂಕ 21 ಗ್ರಾಂ. ಅಳತೆಯ ಜಾಡಿಯ ನೀರಿಗೆ ಹಾಕಿದಾಗ ಮಟ್ಟ 14.5 ಮಿಲಿ ಏರಿತು. ಭಾಗಿಸಿದ್ರೆ 1.45. ಮೇಡಂ ನೋಡಿ, ‘ಇದರಿಂದ ಇದು ಕೊಯ್ದು ಮಾಡಿದ ಬಿದಿರಲ್ಲ ಅಂತ ಮಾತ್ರ ಹೇಳಬಹುದು’ ಅಂದ್ರು. ಬಿದಿರು ತೇಲೋದು ಅದರೊಳಗಿನ ಸಣ್ಣ ಸಣ್ಣ ರಂಧ್ರಗಳಲ್ಲಿ ಗಾಳಿ ಇರೋದಕ್ಕೆ. ನುಣ್ಣಗೆ ಪುಡಿ ಮಾಡಿ ಒತ್ತಿದ್ರೆ ಆ ಗಾಳಿ ಹೋಗತ್ತೆ, ಪುಡಿಯೂ ಮುಳುಗತ್ತೆ. ‘ಪುಡಿಯನ್ನು ಕಪ್ಪಿನ ಆಕಾರದಲ್ಲಿ ಹಿಡಿದಿಟ್ಟಿರೋದು ಏನು ಅಂತ ಕೇಳಿ, ಪ್ರಶ್ನೆ ಅಲ್ಲಿದೆ.’ ತುಂಡನ್ನು ಕುದಿಯೋ ನೀರಿಗೆ ಹಾಕಿ ಇಕ್ಕಳದಲ್ಲಿ ಬಾಗಿಸೋಕೆ ನೋಡಿದ್ವಿ. ಸ್ವಲ್ಪವೂ ಮೆತ್ತಗಾಗಲಿಲ್ಲ. ಜೋಳದಿಂದ ಮಾಡೋ ಪಿಎಲ್ಎ ಆಗಿದ್ರೆ 60 ಡಿಗ್ರಿಗೇ ಮೆತ್ತಗಾಗ್ಬೇಕಿತ್ತು. ಕಪ್‌ಗಳು ಬಂದಿದ್ದ ರಟ್ಟಿನ ಪೆಟ್ಟಿಗೆ ಹುಡುಕಿ ತೆಗೆದ್ವಿ. ಮುಂದೆ ದೊಡ್ಡದಾಗಿ ಬಿದಿರೆಲೆ. ಹಿಂದೆ, ಬಾರ್‌ಕೋಡಿನ ಪಕ್ಕ, ಇರುವೆ ಸಾಲಿನಷ್ಟು ಅಕ್ಷರದಲ್ಲಿ: ಬಿದಿರಿನ ನಾರು, ಜೋಳದ ಪಿಷ್ಟ, ಮೆಲಮೈನ್ ರೆಸಿನ್.

ಮೆಲಮೈನ್ ಅಂದ್ರೆ ನಿಮಗೆ ಗೊತ್ತಿಲ್ಲದ್ದೇನಲ್ಲ. ದರ್ಶಿನಿಗಳಲ್ಲಿ, ನಮ್ಮ ಮೆಸ್ಸಿನಲ್ಲಿ ದಿನಾ ತಿನ್ನೋ ಆ ಗಟ್ಟಿ ತಟ್ಟೆ, ಪಿಂಗಾಣಿ ಥರ ಕಂಡರೂ ಬಿದ್ದರೆ ಒಡೆಯದ್ದು, ಅದೇ. ಅದೂ ಪ್ಲಾಸ್ಟಿಕ್ಕೇ, ಆದ್ರೆ ಜಾತಿ ಬೇರೆ. ಪಾಲಿಪ್ರೊಪಿಲೀನ್ ಬೆಲ್ಲದ ಹಾಗೆ, ಬಿಸಿ ಮಾಡಿದ್ರೆ ಪಾಕ, ತಣ್ಣಗಾದ್ರೆ ಅಚ್ಚು, ಮತ್ತೆ ಬಿಸಿ ಮಾಡಿದ್ರೆ ಮತ್ತೆ ಪಾಕ. ಮೆಲಮೈನ್ ಇಡ್ಲಿಯ ಹಾಗೆ. ಒಂದು ಸಲ ಬೆಂದ ಮೇಲೆ ವಾಪಸ್ ಹಿಟ್ಟಾಗಲ್ಲ. ಮೆಲಮೈನ್ ಮತ್ತು ಫಾರ್ಮಾಲ್ಡಿಹೈಡ್ ಅನ್ನೋ ಎರಡು ರಾಸಾಯನಿಕ ಸೇರಿದ ಪುಡಿಗೆ ಶುದ್ಧ ಸೆಲ್ಯುಲೋಸ್ ಬೆರೆಸಿ, 150 ಡಿಗ್ರಿ ಮೀರಿದ ಅಚ್ಚಿನಲ್ಲಿ ಒತ್ತುತ್ತಾರೆ. ಸರಪಳಿಗಳು ಒಂದಕ್ಕೊಂದು ಗಂಟು ಬಿದ್ದು ಬಲೆಯಾಗತ್ತೆ. ಆ ಬಲೆ ಕರಗಲ್ಲ. ಅದಕ್ಕೇ ಮೆಸ್ ಮಿಷಿನ್‌ನ 85 ಡಿಗ್ರಿಯಲ್ಲೂ ತಟ್ಟೆಯ ಆಕಾರ ಕದಲಲ್ಲ, ಡಿಶ್‌ವಾಷರ್ ಸೇಫ್ ಅನ್ನೋ ಮಾತು ಆ ಅರ್ಥದಲ್ಲಿ ನಿಜ.

ಆದ್ರೆ ಕರಗದೇ ಇರೋದು ಬೇರೆ, ಬಿಚ್ಚಿಕೊಳ್ಳದೇ ಇರೋದು ಬೇರೆ. ಬಿಸಿ ನೀರು, ಅದರಲ್ಲೂ ಹುಳಿ ಇರೋ ಬಿಸಿ ನೀರು ಆ ಗಂಟುಗಳನ್ನು ಮೇಲ್ಮೈಯಿಂದ ಒಂದೊಂದಾಗಿ ಬಿಚ್ಚತ್ತೆ. ಬಿಚ್ಚಿದಾಗ ಹೊರಗೆ ಬರೋದು ಅದನ್ನು ಮಾಡಿದ್ದ ಅದೇ ಎರಡು: ಮೆಲಮೈನ್, ಫಾರ್ಮಾಲ್ಡಿಹೈಡ್. ನಮ್ಮ ಮೂಗಿಗೆ ಪ್ಲೈವುಡ್ ನೆನಪಾಗಿದ್ದು ಸುಮ್ಮನೆ ಅಲ್ಲ. ಪ್ಲೈವುಡ್ ಅಂಟಲ್ಲೂ ಫಾರ್ಮಾಲ್ಡಿಹೈಡ್ ಇರತ್ತೆ. ಯುರೋಪಿನಲ್ಲಿ ಇಂಥ ಪಾತ್ರೆಯಿಂದ ಒಂದು ಕೆಜಿ ಆಹಾರಕ್ಕೆ ಫಾರ್ಮಾಲ್ಡಿಹೈಡ್ 15 ಮಿಲಿಗ್ರಾಂ, ಮೆಲಮೈನ್ 2.5 ಮಿಲಿಗ್ರಾಂಗಿಂತ ಹೆಚ್ಚು ಬಿಡಬಾರದು ಅಂತ ಮಿತಿ ಇದೆ. ಅದನ್ನು ಅಳೆಯೋ ರೀತಿ ನಮಗೆ ಇಷ್ಟವಾಯ್ತು. 3 ಶೇಕಡಾ ಅಸಿಟಿಕ್ ಆಮ್ಲ, ಅಂದ್ರೆ ತೆಳು ವಿನೆಗರ್, ಪಾತ್ರೆಗೆ ಸುರಿದು 70 ಡಿಗ್ರಿಯಲ್ಲಿ ಎರಡು ಗಂಟೆ ಇಡ್ತಾರೆ. ಹೀಗೆ ಮೂರು ಸಲ ಮಾಡಿ, ಮೂರನೇ ಸಲದ್ದನ್ನು ಲೆಕ್ಕಕ್ಕೆ ತಗೋತಾರೆ. ಸಾಮಾನ್ಯ ಪ್ಲಾಸ್ಟಿಕ್‌ನಲ್ಲಿ ಒಳಗೆ ಉಳಿದಿದ್ದು ಮೊದಲ ಸಲವೇ ಬಂದು, ಮೂರನೇ ಸಲಕ್ಕೆ ಕಡಿಮೆ ಆಗತ್ತೆ. ಇಲ್ಲಿ ಪಾತ್ರೆಯೇ ಬಿಚ್ಚಿಕೊಳ್ತಿದ್ರೆ ಕಡಿಮೆ ಆಗೋ ಬದಲು ಹೆಚ್ಚೂ ಆಗ್ಬಹುದು.

ಹಾಗಾದ್ರೆ ಬಿದಿರಿನ ಪುಡಿ ಸೇರಿಸಿದ್ರೆ ಒಳ್ಳೇದಲ್ವಾ, ಅಷ್ಟು ರೆಸಿನ್ ಕಡಿಮೆ ಅಂತ ಹಾಸನದವನು ಕೇಳಿದ. ನಮಗೂ ಹಾಗೇ ಅನ್ನಿಸಿತ್ತು. ಉತ್ತರ ಆ ಸೀಳಿದ ಚಮಚದಲ್ಲಿತ್ತು. ಬಿದಿರು ನೀರು ಕುಡಿದ್ರೆ ಹಿಗ್ಗತ್ತೆ. ಕಪ್ಪಿನೊಳಗೆ ಸಿಕ್ಕಿಕೊಂಡಿರೋ ಒಂದೊಂದು ಬಿದಿರಿನ ಕಣವೂ ಬಿಸಿ ನೀರು ತಾಗಿದಾಗ ಹಿಗ್ಗಿ, ಸುತ್ತಲಿನ ಗಟ್ಟಿ ರೆಸಿನ್ ಅನ್ನು ಒಳಗಿಂದ ತಳ್ಳತ್ತೆ. ಒಣಗಿದಾಗ ಕುಗ್ಗತ್ತೆ. ಮೇಲಿನ ತೆಳು ಹೊಳಪಿನ ಪದರ ಬಿರಿಯತ್ತೆ. ಆ ಬಿರುಕಿಗೆ ಮತ್ತೆ ಹುಳಿ ನೀರು ಇಳಿಯತ್ತೆ, ಬಿಚ್ಚೋಕೆ ಹೊಸ ಜಾಗ ಸಿಗತ್ತೆ. ನಮ್ಮ ಬೆರಳಿಗೆ ಸ್ಯಾಂಡ್‌ಪೇಪರ್ ಅನ್ನಿಸಿದ್ದು ಇದೇ. ಜರ್ಮನಿಯ ಆಹಾರ ಅಪಾಯ ಅಂದಾಜಿಸೋ ಸಂಸ್ಥೆ ಬಿಎಫ್‌ಆರ್ 2019ರಲ್ಲಿ ಹೇಳಿದ್ದೂ ಇದನ್ನೇ. ಬಿಸಿ ಪಾನೀಯ ಸುರಿದಾಗ ಬಿದಿರಿನ ಪುಡಿ ಇರೋ ಕಪ್‌ಗಳು ಮಾಮೂಲಿ ಮೆಲಮೈನ್‌ಗಿಂತ ಸರಾಸರಿಯಲ್ಲಿ ಹೆಚ್ಚೇ ಬಿಡ್ತವೆ, 70 ಡಿಗ್ರಿ ಮೇಲಿನ ಕಾಫಿ, ಚಹಾ ಅದರಲ್ಲಿ ಬೇಡ ಅಂತ. ಯುರೋಪಿಯನ್ ಒಕ್ಕೂಟದಲ್ಲಿ ಪ್ಲಾಸ್ಟಿಕ್‌ಗೆ ಬಿದಿರಿನ ಪುಡಿ ಸೇರಿಸೋಕೆ ಅನುಮತಿಯೇ ಇಲ್ಲ. 2021ರಲ್ಲಿ ಇಂಥ ಪಾತ್ರೆಗಳನ್ನು ಗಡಿಯಲ್ಲೇ ಹಿಡಿಯೋಕೆ ಒಂದು ಕಾರ್ಯಾಚರಣೆ ನಡೆಸಿದ್ರು, ಹೆಸರು ‘ಬ್ಯಾಂಬೂ-ಝ್ಲಿಂಗ್’. ಬ್ಯಾಂಬೂಝಲ್ ಅಂದ್ರೆ ಇಂಗ್ಲಿಷಲ್ಲಿ ಟೋಪಿ ಹಾಕೋದು. ಟೋಪಿ ಬಿದ್ದಿದ್ದ ನಮಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಇಲ್ಲಿ ನಮಗೆ ಒಂದು ವಿಷಯ ಹೊಳೆಯಿತು, ಇದನ್ನು ಬರೆಯೋದಕ್ಕೆ ಅದೇ ಮುಖ್ಯ ಕಾರಣ. ನಾವು ಇಷ್ಟು ದಿನ ಮಿಷಿನ್ ಮೇಲೆ ಅನುಮಾನ ಪಡ್ತಿದ್ವಿ. ಆದ್ರೆ ಮಿಷಿನ್‌ನಲ್ಲಿ 85 ಡಿಗ್ರಿ ನೀರು ಕಪ್ಪಿಗೆ ತಾಗೋದು ಹತ್ತು ಹದಿನೈದು ಸೆಕೆಂಡ್, ಆ ನೀರೂ ಚರಂಡಿಗೆ ಹೋಗತ್ತೆ. ಲ್ಯಾಬಿನ ಥರ್ಮಾಮೀಟರ್ ತಂದು ನಮ್ಮ ಕಷಾಯ ಅಳೆದ್ವಿ. ಕಪ್ಪಿಗೆ ಬಿದ್ದಾಗ 88 ಡಿಗ್ರಿ. 70ಕ್ಕೆ ಇಳಿಯೋಕೆ ಆರು ನಿಮಿಷ ಬೇಕಾಯ್ತು. ನಿಂಬೆ ಹುಳಿ, 88 ಡಿಗ್ರಿ, ಆರು ನಿಮಿಷ, ಮತ್ತೆ ಆ ನೀರು ಹೋಗೋದು ಚರಂಡಿಗಲ್ಲ, ಹೊಟ್ಟೆಗೆ. ತಳದ ಗುರುತು ತೊಳೆಯೋದರ ಬಗ್ಗೆ ಮಾತಾಡತ್ತೆ, ಕುಡಿಯೋದರ ಬಗ್ಗೆ ಒಂದು ಮಾತೂ ಹೇಳಲ್ಲ. ತೊಳೆದ ಮೇಲೆ ಕಪ್ ಕಪ್ಪಿನ ಥರವೇ ಇರತ್ತಾ ಅನ್ನೋದಕ್ಕಷ್ಟೇ ಅದು ಉತ್ತರ. ನಾವು ಅದನ್ನು ‘ಬಿಸಿ ತಡೆಯತ್ತೆ’ ಅಂತ ಓದಿದ್ವಿ. ಆದ್ರೆ ಮಿಷಿನ್ ಪೂರ್ತಿ ನಿರಪರಾಧಿಯೂ ಅಲ್ಲ. ದಿನಾ ಹೊಳಪಿನ ಪದರ ಸವೆಸಿ ಮರುದಿನದ ಕಷಾಯಕ್ಕೆ ದಾರಿ ಮಾಡಿಕೊಟ್ಟಿದ್ದು ಅದರ ಕ್ಷಾರ, ಬಿಸಿ ಎರಡೂ.

ಎಷ್ಟು ಹೆದರಬೇಕು ಅಂತ ನಾವೂ ಲೆಕ್ಕ ಹಾಕಿದ್ವಿ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರದ ಪ್ರಕಾರ ಜೀವನಪೂರ್ತಿ ದಿನಾ ಸೇವಿಸಿದ್ರೂ ತೊಂದರೆ ಇಲ್ಲ ಅನ್ನೋ ಮೆಲಮೈನ್ ಪ್ರಮಾಣ, ದೇಹದ ಪ್ರತಿ ಕೆಜಿಗೆ 0.2 ಮಿಲಿಗ್ರಾಂ. 60 ಕೆಜಿಯವರಿಗೆ ದಿನಕ್ಕೆ 12. ಕಪ್ ಸರಿಯಾಗಿ 2.5ರ ಮಿತಿಯಲ್ಲಿದ್ರೆ 200 ಮಿಲಿ ಕಷಾಯದಲ್ಲಿ ಅರ್ಧ ಮಿಲಿಗ್ರಾಂ. ಅಂದ್ರೆ ಮಿತಿಯೊಳಗಿನ ಕಪ್ಪಲ್ಲಿ ಒಂದು ತಿಂಗಳು ಕುಡಿದವರು ಗಾಬರಿಯಾಗೋ ಲೆಕ್ಕ ಅಲ್ಲ. ನಮ್ಮ ಕಪ್ ಆ ಮಿತಿಯೊಳಗಿತ್ತು ಅಂತ ಹೇಳೋಕೆ ನಮ್ಮ ಹತ್ತಿರ ಪರೀಕ್ಷೆ ಇಲ್ಲ, ಮೈ ಒರಟಾದ ಕಪ್ ಒಳಗಿರೋ ಸಾಧ್ಯತೆ ಕಡಿಮೆ, ಹಾಗಾಗಿ ಅದರಲ್ಲಿ ಮತ್ತೆ ಬಿಸಿ ಸುರಿಯೋ ಮನಸ್ಸು ನಮಗಿರ್ಲಿಲ್ಲ.

ಮೆಸ್ಸಿನ ತಟ್ಟೆ ಕಥೆ ಏನು ಅಂತ ಕೇಳ್ತೀರಿ. ಅವನ್ನೂ ನೋಡಿದ್ವಿ. ಹೆಚ್ಚಿನವು ಚೆನ್ನಾಗಿದ್ವು. ಅನ್ನ, ಪಲ್ಯ, ಚಪಾತಿ ತಟ್ಟೆಗೆ ಬರೋ ಹೊತ್ತಿಗೆ ಅಷ್ಟೇನೂ ಬಿಸಿ ಇರಲ್ಲ. ನಮಗೆ ಅನುಮಾನ ಬಂದಿದ್ದು ಸಾರಿನ ಬಟ್ಟಲುಗಳ ಮೇಲೆ. ಹುಣಸೆ ಹುಳಿ, ಟೊಮೇಟೊ, ಕುದಿಯೋ ಪಾತ್ರೆಯಿಂದ ನೇರ ಬಟ್ಟಲಿಗೆ. ಕೆಲವು ಬಟ್ಟಲಿನ ಒಳಗೆ ಹೊಳಪು ಪೂರ್ತಿ ಹೋಗಿ ಅರಿಶಿನದ ಬಣ್ಣ ಕೂತಿತ್ತು, ಸ್ಟೀಲ್ ನಾರಿನಿಂದ ಉಜ್ಜಿದ ಗೀರುಗಳೂ ಇದ್ವು. ಅಣ್ಣನಿಗೆ ತೋರಿಸಿದ್ವಿ. ಹೊಳಪು ಇರೋವರೆಗೆ ಪರವಾಗಿಲ್ಲ, ಹೊಳಪು ಹೋಗಿ ಕಲೆ ಹಿಡಿಯೋಕೆ ಶುರುವಾದ್ರೆ ಅದರ ಆಯಸ್ಸು ಮುಗೀತು ಅಂತ ಲೆಕ್ಕ. ಅವರು ಸ್ವಲ್ಪ ಹೊತ್ತು ಬಟ್ಟಲನ್ನು ಬೆಳಕಿಗೆ ತಿರುಗಿಸಿ ನೋಡಿ, ‘ಸ್ಟೋರಲ್ಲಿ ಹಳೇ ಸ್ಟೀಲ್ ಬಟ್ಟಲು ಇದಾವೆ, ಮ್ಯಾನೇಜರ್‌ಗೆ ಹೇಳ್ತೀನಿ’ ಅಂದ್ರು. ಈ ಸೆಮಿಸ್ಟರ್ ಸಾರು ಸ್ಟೀಲಿನಲ್ಲಿ ಬರ್ತಿದೆ, ನೀವೂ ನೋಡಿರ್ತೀರಿ. ಹಾಗೇ ನಿಮ್ಮ ಮಹಡಿಯ ಮೈಕ್ರೋವೇವ್‌ನಲ್ಲಿ ಮೆಸ್ ತಟ್ಟೆ ಇಟ್ಟು ಬಿಸಿ ಮಾಡೋರು ದಯವಿಟ್ಟು ನಿಲ್ಲಿಸಿ. ಅಲ್ಲಿ ಮೆಲಮೈನ್ ತಾನೇ ಕಾಯತ್ತೆ, 70 ಡಿಗ್ರಿ ದಾಟೋಕೆ ಹೆಚ್ಚು ಹೊತ್ತು ಬೇಡ.

ಉಳಿದಿದ್ದು ಪೋಸ್ಟರ್. ಸಂಘದ ಮೀಟಿಂಗಲ್ಲಿ ಎದ್ದು ನಿಂತು, ಸಂಘದ ದುಡ್ಡಲ್ಲಿ ನಾವು ತಂದಿದ್ದು ಪ್ಲಾಸ್ಟಿಕ್ ಕಪ್ ಅಂತ ಹೇಳೋದು ಸುಲಭ ಇರ್ಲಿಲ್ಲ. ಬಳ್ಳಾರಿಯವನು ಬಕೆಟ್ ಹೊತ್ತು ತಂದಿದ್ದ. ಮಾತಾಡೋ ಬದಲು ಚಮಚ ಬಿಟ್ಟ, ತೇಲಿತು. ಕಪ್ ಬಿಟ್ಟ, ಮುಳುಗಿತು. ‘ಬಿದಿರಾ?’ ಅಂತ ಕೇಳಿದ್ದ ಜೂನಿಯರ್ ಮುಂದಿನ ಸಾಲಲ್ಲೇ ಇದ್ದಳು, ನಾವು ಅವಳ ಹತ್ತಿರ ಸಾರಿ ಕೇಳಿದ್ವಿ. ಮಾರಿದವರಿಗೆ ಬರೆದ್ವಿ, ಬಳಸಿದ ವಸ್ತು ವಾಪಸ್ ತಗೊಳ್ಳಲ್ಲ ಅಂತ ಉತ್ತರ ಬಂತು. ಇಪ್ಪತ್ತೊಂಬತ್ತು ಕಪ್ ಈಗ ಸಂಘದ ರೂಮಿನಲ್ಲಿ ಪೆನ್ನು, ಸೇಫ್ಟಿ ಪಿನ್ನು, ನಾಟಕದ ಬಣ್ಣದ ಬ್ರಷ್ಷು ಇಡೋಕಿವೆ. ಅದಕ್ಕೆ ಅವು ಚೆನ್ನಾಗಿವೆ.

ಮೈಸೂರಿನವನು ಹೊಸ ಚಮಚ ತಂದಿದ್ದಾನೆ. ಅದನ್ನು ಕೈಯಲ್ಲೇ ತೊಳೆದು, ಒರೆಸಿ, ಕಿಟಕಿಯಲ್ಲಿ ಒಣಗಿಸಿ, ತಿಂಗಳಿಗೊಮ್ಮೆ ಎರಡು ಹನಿ ಕೊಬ್ಬರಿ ಎಣ್ಣೆ ಸವರ್ತಾನೆ. ಬಳ್ಳಾರಿಯವನ ಅಮ್ಮನಿಗೆ ಡಬ್ಬಿ ಕುಳ್ಳಗಾದ ಫೋಟೊ ಕಳಿಸಿದ್ವಿ, ಮುಂದಿನ ಚಟ್ನಿಪುಡಿ ಸ್ಟೀಲ್ ಡಬ್ಬಿಯಲ್ಲಿ ಬಂತು. ಈ ನವೆಂಬರ್‌ಗೆ ಕಷಾಯ ಸ್ಟೀಲ್ ಲೋಟದಲ್ಲಿ ಕೊಡ್ತೀವಿ. ಅದರ ತಳದಲ್ಲಿ ಯಾವ ಚಿತ್ರವೂ ಇಲ್ಲ. ಕೈ ಸುಡತ್ತೆ, ಕರವಸ್ತ್ರ ತನ್ನಿ.